ವಾರಕ್ಕೊಂದು ಮೆಥೋಟ್ರೆಕ್ಸೇಟ್ ಗುಳಿಗೆ ದಿನಾ ನುಂಗಿದರೆ ಏನಾಗುತ್ತದೆ?

ಪ್ರಶ್ನೆ: ನಮ್ಮ ಅವ್ವನಿಗೆ ಸಂಧಿವಾತ. ಡಾಕ್ಟ್ರು ಗುರುವಾರಕ್ಕೊಂದು ಮೆಥೋಟ್ರೆಕ್ಸೇಟ್ 10 ಬರೆದಿದ್ದಾರೆ. "ವಾರಕ್ಕೊಂದು ಗುಳಿಗಿಯಿಂದ ಏನಾಗ್ತದ, ದಿನಾ ನುಂಗಿದ್ರ ಲಗೂನ ಆರಾಮ ಆಗಲ್ಲೇನು" ಅಂತ ಕೇಳ್ತಾಳೆ. ಏನು ಹೇಳಲಿ?

ಉತ್ತರ: ದಿನಾ ಕೊಡಲೇಬೇಡಿ. ಇದು ಜೀವಕ್ಕೇ ಕುತ್ತು ತರುವ ತಪ್ಪು. ನಾನು ಗಂಗಾವತಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ನನ್ನ ಕೌಂಟರಿನಲ್ಲೇ ಈ ತಪ್ಪು ಕಂಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅವ್ವನಿಗೆ ಇಷ್ಟು ಹೇಳಿ. ಇದು ನೋವಿನ ಗುಳಿಗೆ ಅಲ್ಲ. ನುಂಗಿದ ಸಂಜೆಗೆ ಮಂಡಿ ಹಗುರ ಆಗುವುದಿಲ್ಲ. ಕೀಲಿನ ಬಾವು ನಿಧಾನಕ್ಕೆ ಇಳಿಯುತ್ತದೆ, ಗುಣ ಕಾಣುವುದಕ್ಕೆ ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಆ ಎರಡು ಮೂರು ತಿಂಗಳಲ್ಲೇ "ಏನೂ ಆಗ್ಲಿಲ್ಲ, ಇನ್ನೊಂದು ನುಂಗೋಣ" ಅನಿಸುವುದು. ನೋವು ತಡೆಯಲು ಆಗದಿದ್ದರೆ ಡಾಕ್ಟರನ್ನು ಕೇಳಿ, ನೋವಿಗೆ ಅಂತ ಬೇರೆ ಮಾತ್ರೆ ಕೊಡುತ್ತಾರೆ.

ವಾರಕ್ಕೊಮ್ಮೆಯೇ ಯಾಕೆ? ಮೈಯಲ್ಲಿ ಹೊಸ ಜೀವಕೋಶ ಹುಟ್ಟಲು ಫೋಲೇಟ್ ಎನ್ನುವ ವಿಟಮಿನ್ ಬೇಕು. ಮೆಥೋಟ್ರೆಕ್ಸೇಟ್ ಅದರ ಕೆಲಸಕ್ಕೆ ಅಡ್ಡ ಬರುತ್ತದೆ. ಬಾಯಿಯ ಒಳಪದರ, ಕರುಳು, ಎಲುಬಿನೊಳಗಿನ ಮಜ್ಜೆ, ಈ ಮೂರು ಕಡೆ ಹೊಸ ಕೋಶ ದಿನವೂ ಹುಟ್ಟುತ್ತಿರಬೇಕು. ವಾರಕ್ಕೊಮ್ಮೆ ನುಂಗಿದರೆ ಉಳಿದ ದಿನಗಳಲ್ಲಿ ಅವು ಚೇತರಿಸಿಕೊಳ್ಳುತ್ತವೆ. ದಿನಾ ನುಂಗಿದರೆ ಆ ಬಿಡುವೇ ಸಿಗುವುದಿಲ್ಲ. ಬಾಯಿ ಹುಣ್ಣಾಗುತ್ತದೆ, ಭೇದಿ ಆಗುತ್ತದೆ, ಮಜ್ಜೆಯಲ್ಲಿ ರಕ್ತ ಹುಟ್ಟುವುದೇ ಕಡಿಮೆಯಾಗುತ್ತದೆ. ಬಿಳಿ ರಕ್ತಕಣ ಇಳಿದರೆ ಸಣ್ಣ ಸೋಂಕೂ ಮೈಯೆಲ್ಲ ಹರಡುತ್ತದೆ, ಪ್ಲೇಟ್‌ಲೆಟ್ ಇಳಿದರೆ ರಕ್ತ ನಿಲ್ಲುವುದಿಲ್ಲ.

ಈಗ ನಾನು ಕಂಡದ್ದು ಹೇಳುತ್ತೇನೆ. ಕಾರಟಗಿ ಕಡೆಯ ಒಬ್ಬ ತಮ್ಮ ಖಾಲಿ ಸ್ಟ್ರಿಪ್ ತಂದು "ಅಣ್ಣಾ, ಇದೇ ಗುಳಿಗಿ ಇನ್ನೊಂದು ಪಟ್ಟಿ ಕೊಡ್ರಿ" ಅಂದ. ಮೆಥೋಟ್ರೆಕ್ಸೇಟ್ 10, ಹತ್ತು ಗುಳಿಗೆಯ ಸ್ಟ್ರಿಪ್. ಹತ್ತೂ ಗುಂಡಿ ಖಾಲಿ. ವಾರಕ್ಕೊಂದಾದರೆ ಅದು ಹತ್ತು ವಾರ ಬರಬೇಕು. ಚೀಟಿಯ ತಾರೀಕು ನೋಡಿದರೆ ಇನ್ನೂ ಎರಡು ವಾರ ತುಂಬಿರಲಿಲ್ಲ! ಯಾರಿಗೆ, ಹೇಗೆ ಕೊಡುತ್ತಿದ್ದೀರಿ ಅಂತ ಕೇಳಿದೆ. ಅವರ ಅವ್ವನಿಗಂತೆ, ಗುರುವಾರ ಒಂದು ಬಿಟ್ಟು ಉಳಿದ ದಿನವೆಲ್ಲ ಇದು.

ಚೀಟಿಯಲ್ಲಿ ಇದ್ದದ್ದು ಸರಿಯಾಗಿಯೇ ಇತ್ತು. ಗುರುವಾರ ಮೆಥೋಟ್ರೆಕ್ಸೇಟ್ ಒಂದು, ಉಳಿದ ಆರು ದಿನ ಫೋಲಿಕ್ ಆಸಿಡ್ 5 ಒಂದೊಂದು. ಮನೆಯಲ್ಲಿ ಅದು ತಿರುವುಮುರುವಾಗಿತ್ತು. ಅವರಲ್ಲಿದ್ದ ಎರಡೂ ಗುಳಿಗೆ ಸಣ್ಣವು, ಎರಡೂ ಹಳದಿ. ಓದು ಬಾರದ ಆ ಅಮ್ಮ ಬಣ್ಣ ನೋಡಿ ನುಂಗುತ್ತಿದ್ದರು. ವಾರಕ್ಕೆ 10 ಮಿಲಿಗ್ರಾಂ ಹೋಗಬೇಕಾದಲ್ಲಿ 60 ಹೋಗಿತ್ತು. ಅಪಾಯ ತಗ್ಗಿಸಬೇಕಾದ ಫೋಲಿಕ್ ಆಸಿಡ್ ವಾರಕ್ಕೆ ಒಂದೇ ಹೋಗಿತ್ತು.

"ಬಾಯಿ ಹೆಂಗದ ಅವರದು" ಅಂತ ಕೇಳಿದೆ. ಬಾಯೆಲ್ಲ ಹುಣ್ಣು, ರೊಟ್ಟಿ ನುಂಗಕ್ಕಾಗುತ್ತಿಲ್ಲ, ಉಷ್ಣ ಆಗಿದೆ ಅಂತ ಮಜ್ಜಿಗೆ ಮತ್ತು ಬಿ-ಕಾಂಪ್ಲೆಕ್ಸ್ ಕೊಡುತ್ತಿದ್ದೇವೆ ಅಂದ. ನಮ್ಮ ಕಡೆ ಬಾಯಿ ಹುಣ್ಣಾದರೆ ಎಲ್ಲರೂ ಇದನ್ನೇ ಮಾಡುತ್ತಾರೆ, ಅಲ್ವಾ? ಬಿಸಿಲಿನ ಊರು, ಉಷ್ಣ ಅನ್ನುವುದು ಸಹಜ. ಆದರೆ ಮೆಥೋಟ್ರೆಕ್ಸೇಟ್ ನುಂಗುವವರಿಗೆ ಬಾಯಿ ಹುಣ್ಣಾದರೆ ಅದನ್ನು ಉಷ್ಣ ಅಂತ ಬಿಡಬಾರದು. ವಿಷವೇರುತ್ತಿರುವುದಕ್ಕೆ ಅದೇ ಮೊದಲ ಗುರುತು ಆಗಿರಬಹುದು. ಗಂಟಲು ನೋವು, ಜ್ವರ, ಭೇದಿ, ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಚರ್ಮದ ಮೇಲೆ ಕಪ್ಪು ಕಲೆ, ಒಣ ಕೆಮ್ಮು ಮತ್ತು ಏದುಸಿರು, ಇವೂ ಹಾಗೆಯೇ.

ಹೊಸ ಸ್ಟ್ರಿಪ್ ಕೊಡಲಿಲ್ಲ. ಗುಳಿಗೆ ಇವತ್ತೇ ನಿಲ್ಲಿಸಿ, ಖಾಲಿ ಸ್ಟ್ರಿಪ್ ಮತ್ತು ಚೀಟಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಿ, "ಮೆಥೋಟ್ರೆಕ್ಸೇಟ್ ದಿನಾ ನುಂಗಿದ್ದಾರೆ" ಅಂತ ಮೊದಲ ಮಾತಿಗೇ ಹೇಳಿ ಅಂದೆ. ಅಲ್ಲಿ ರಕ್ತ ನೋಡಿದಾಗ ಬಿಳಿ ಕಣ 1,800 ಇತ್ತು. ಸಾಮಾನ್ಯವಾಗಿ 4,000ಕ್ಕಿಂತ ಮೇಲಿರಬೇಕು. ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿರಬೇಕಾದ್ದು 62,000ಕ್ಕೆ ಇಳಿದಿತ್ತು. ಅಡ್ಮಿಟ್ ಮಾಡಿಕೊಂಡು ಫೋಲಿನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು. ಈ ವಿಷಕ್ಕೆ ಮದ್ದು ಅದು. ಮನೆಯಲ್ಲಿರುವ ಫೋಲಿಕ್ ಆಸಿಡ್ ಗುಳಿಗೆ ನಾಲ್ಕು ಜಾಸ್ತಿ ನುಂಗಿಸಿದರೆ ಆ ಕೆಲಸ ಆಗುವುದಿಲ್ಲ. ಆ ಅಮ್ಮ ಉಳಿದರು. ಎಲ್ಲರೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಹೆಚ್ಚು ನುಂಗಿದ ಮರುದಿನ ರಕ್ತ ಪರೀಕ್ಷೆ ಚೆನ್ನಾಗಿದೆ ಅಂತ ನಿರಾಳ ಆಗಬೇಡಿ. ಕಣಗಳು ಇಳಿಯಲು ಒಂದು ವಾರ, ಹತ್ತು ದಿನ ಹಿಡಿಯಬಹುದು. ಡಾಕ್ಟರು ಮತ್ತೆ ರಕ್ತ ಕೊಡಿ ಅಂದರೆ ಕೊಡಿ. ಇದು ಮೈಯಿಂದ ಹೊರಹೋಗುವುದು ಮುಖ್ಯವಾಗಿ ಕಿಡ್ನಿ ಮೂಲಕ. ವಯಸ್ಸಾದವರಿಗೆ, ಕಿಡ್ನಿ ಸೊರಗಿದವರಿಗೆ, ವಾಂತಿಭೇದಿಯಾಗಿ ನೀರು ಕಳೆದುಕೊಂಡವರಿಗೆ ಸರಿಯಾದ ಪ್ರಮಾಣವೂ ಜಾಸ್ತಿಯಾಗಬಹುದು. ಡಾಕ್ಟರು ಆಗಾಗ ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಮಾಡಿಸುವುದು ಇದಕ್ಕೇ. ಉರಿಮೂತ್ರಕ್ಕೆ ಕೋ-ಟ್ರೈಮೋಕ್ಸಜೋಲ್ ಅನ್ನುವ ಮಾತ್ರೆ ಕೊಡುವುದುಂಟು. ಅದು ಇದರ ಜೊತೆ ಸೇರಬಾರದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಆಸ್ಪತ್ರೆಗೆ ಸೇರಿಸಿದರೂ, "ಇವರು ಗುರುವಾರ ಮಾತ್ರ ಮೆಥೋಟ್ರೆಕ್ಸೇಟ್ ನುಂಗುತ್ತಾರೆ" ಅಂತ ನೀವೇ ಬಾಯಿಬಿಟ್ಟು ಹೇಳಿ.

ನಿಮ್ಮ ಮನೆಯಲ್ಲಿ ಮಾಡಬೇಕಾದದ್ದು ಜಾಸ್ತಿ ಇಲ್ಲ. ಅಂಗಡಿಯಲ್ಲಿ ನಾಲ್ಕು ವಾರಕ್ಕೆ ಆಗುವ ನಾಲ್ಕೇ ಗುಳಿಗೆ ತಗೊಳ್ಳಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು ಮತ್ತು ಎಕ್ಸ್‌ಪೈರಿ ಇರುವ ತುಂಡು ಕೇಳಿ. ಕವರಿನ ಮೇಲೆ 1-0-0 ಅಂತ ಬರೆದರೆ ಒಪ್ಪಬೇಡಿ, ಅದನ್ನು ಯಾರಾದರೂ ದಿನಾ ಬೆಳಗ್ಗೆ ಅಂತಲೇ ಓದುತ್ತಾರೆ. "ಗುರುವಾರ ಮಾತ್ರ" ಅಂತ ಕನ್ನಡದಲ್ಲಿ ದಪ್ಪಗೆ ಬರೆಸಿಕೊಳ್ಳಿ. ಬಿಪಿ, ಶುಗರ್ ಗುಳಿಗೆ ಇರುವ ಡಬ್ಬಿಯಲ್ಲಿ ಇದನ್ನು ಇಡಬೇಡಿ. ಅವ್ವನ ಕೈಗೆ ಸಿಗದ ಕಡೆ ಇಟ್ಟು, ಗುರುವಾರ ನೀವೇ ಒಂದು ತೆಗೆದು ಕೊಡಿ. ನುಂಗಿದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗೆರೆ ಹಾಕಿ, ಮೊದಲೇ ಹಾಕಬೇಡಿ. ಮನೆಯಲ್ಲಿ 2.5ರದ್ದೂ 10ರದ್ದೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಫೋಲಿಕ್ ಆಸಿಡ್ ಯಾವ ದಿನ ಅನ್ನುವುದು ಡಾಕ್ಟರಿಂದ ಡಾಕ್ಟರಿಗೆ ಬೇರೆ ಇರುತ್ತದೆ, ನಿಮ್ಮ ಚೀಟಿಯಲ್ಲಿ ಇದ್ದಂತೆ ಮಾಡಿ.

ಗುರುವಾರ ಮರೆತರೆ ಶುಕ್ರವಾರ ಅಥವಾ ಶನಿವಾರ ಕೊಡಬಹುದು, ಮುಂದಿನದು ಮತ್ತೆ ಗುರುವಾರವೇ. ಶನಿವಾರವೂ ದಾಟಿದರೆ ಆ ವಾರದ್ದು ಬಿಟ್ಟುಬಿಡಿ. ಎರಡು ಸೇರಿಸಿ ಕೊಡಬೇಡಿ. ನುಂಗಿದ್ದು ಹೌದೋ ಅಲ್ಲವೋ ಗೊತ್ತಾಗದಿದ್ದರೆ ನುಂಗಿದ್ದಾರೆ ಅಂತಲೇ ಲೆಕ್ಕ ಹಿಡಿದು ಮುಂದಿನ ಗುರುವಾರದವರೆಗೆ ಕಾಯಿರಿ.