ಮರಾಠಿ ಅರ್ಥ ಆಗುತ್ತೆ, ಬಾಯಿ ಬರಲ್ಲ

"ಪುಣೆಗೆ ಬಂದು ಮೂರು ವರ್ಷ. ಮರಾಠಿ ಅರ್ಥ ಆಗುತ್ತೆ, ಆದ್ರೆ ತಪ್ಪಾದ್ರೆ ನಗ್ತಾರೆ ಅಂತ ಹಿಂದಿಯಲ್ಲೇ ಮುಗಿಸ್ತೀನಿ. ಏನ್ ಮಾಡ್ಲಿ?"

ನಮ್ಮ ತಪ್ಪು ಹೆಚ್ಚಾಗಿ ಲಿಂಗದ್ದು. ಕನ್ನಡದಲ್ಲಿ ಈರುಳ್ಳಿ, ಬೆಂಡೆ ಎರಡೂ 'ಅದು'. ಮರಾಠಿಯಲ್ಲಿ ಕಾಂದಾ ಪುಲ್ಲಿಂಗ, ಭೇಂಡಿ ಸ್ತ್ರೀಲಿಂಗ. ಹಾಗಾಗಿ ಬೆಲೆ ಕೇಳುವಾಗ 'ಕಾಂದೇ ಕಸೇ ದಿಲೇ?', ಆದರೆ 'ಭೇಂಡಿ ಕಶೀ ದಿಲೀ?'.

ಒಬ್ಬರೇ ತರಕಾರಿಯವರನ್ನು ಹಿಡಿಯಿರಿ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಹೋಗಿ. ಒಂದು ವಾರ ಇದೊಂದೇ ಪ್ರಶ್ನೆ, ತರಕಾರಿ ಮಾತ್ರ ಬದಲಿಸಿ. ನಾನು ಮೊದಲ ದಿನ 'ಕಾಂದೇ ಕಶೀ ದಿಲೀ' ಅಂದೆ. ಅಂಗಡಿಯ ಮಾವಶಿ 'ಕಾಂದೇ ಕಸೇ? ಚಾಳೀಸ್' ಅಂದರು. ನಗಲಿಲ್ಲ, ಸರಿಯಾದ ರೂಪ ಸುಮ್ನೆ ತಿರುಗಿ ಬಂತು. ಅದನ್ನು ಅಲ್ಲೇ ಒಮ್ಮೆ ಹೇಳಿಕೊಂಡು ಚೀಲ ಹಿಡಿದೆ. ನೇರವಾಗಿ ಬೆಲೆ ಹೇಳಿದರೆ ನಿಮ್ಮ ಮಾತು ತಲುಪಿದೆ ಅಂತಲೇ ಅರ್ಥ. 'ಕಾಯ್?' ಅಂದರೆ ಮಾತ್ರ ಇನ್ನೊಮ್ಮೆ ನಿಧಾನವಾಗಿ ಕೇಳಿ.

ಜಾಸ್ತಿ ಕಾಡೋದು ಬೇರೆ: ನೀವು ತಡವರಿಸಿದ ಕೂಡಲೇ ಅವರು ಹಿಂದಿಗೆ ಹೊರಳುತ್ತಾರೆ. ಅದು ಅವಮಾನ ಅಲ್ಲ, ವ್ಯಾಪಾರದ ಅವಸರ. 'ಮರಾಠೀತ್ ಬೋಲಾ, ಮೀ ಶಿಕ್ತೋಯ್' ಅನ್ನಿ (ಹೆಂಗಸರಾದರೆ 'ಶಿಕ್ತೇಯ್'). ಹಿಂದೆ ಸಾಲು ನಿಂತಿದ್ದರೆ ಮಾತ್ರ ಬೇಡ, ಆಗ ಹಿಂದಿಯಲ್ಲೇ ಮುಗಿಸಿ ಬನ್ನಿ.