ಅತ್ತೆಯ ಕೊಳದಪ್ಪಲೆ

ಇದು ಸಲಹೆಗೆಂದು ನನ್ನ ಹತ್ತಿರ ಬಂದಿದ್ದ ಒಬ್ಬರ ಮನೆಯ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಸಾವಿತ್ರಕ್ಕ ಎಂದು ಕರೆಯೋಣ. ವಯಸ್ಸು 54. ಹಾಸನದ ಕಡೆಯ ಒಂದು ಸಣ್ಣ ಊರು, ಹಳೇ ಬೀದಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು.

ಅವರು ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ರಾತ್ರಿ 2 ಗಂಟೆಗೆ ಎಚ್ಚರವಾಗುತ್ತೆ, ಮನಸ್ಸು ಒಂದೇ ಕಡೆ ಸುತ್ತುತ್ತೆ ಅಂದರು. ಎಲ್ಲಿ ಸುತ್ತುತ್ತೆ ಎಂದು ಕೇಳಿದೆ. ಹೇಳಲು ಸಂಕೋಚಪಟ್ಟರು. ಕೊನೆಗೆ, "ಒಂದು ಪಾತ್ರೆ ವಿಷಯ, ಹೇಳೋಕೂ ನಾಚಿಕೆಯಾಗುತ್ತೆ" ಅಂದರು.

ಅದು ಅತ್ತೆಯ ಕಾಲದ ಹಿತ್ತಾಳೆ ಕೊಳದಪ್ಪಲೆ. 30 ಜನಕ್ಕೆ ಸಾರು ಮಾಡಬಹುದಾದಷ್ಟು ದೊಡ್ಡದು. ಕಂಠದ ಮೇಲೆ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊರೆದ ಅತ್ತೆಯ ಹೆಸರಿದೆ. ನಾದಿನಿ ಹೊಸ ಮನೆಯ ಗೃಹಪ್ರವೇಶಕ್ಕೆ ಅದನ್ನು ಒಯ್ದು 14 ತಿಂಗಳಾಗಿತ್ತು. ವಾಪಸ್ ಬಂದಿರಲಿಲ್ಲ. ಗಂಡನಿಗೆ ಹೇಳಿದರೆ, "ನನ್ನ ತಂಗಿ ಅಲ್ವಾ, ಬಿಡು" ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಇವರಿಗೆ ಸಿಟ್ಟು ಎರಡು ಪಟ್ಟಾಗುತ್ತದೆ. ಅದರ ಜೊತೆಗೆ ಪಕ್ಕದ ಮನೆಗೆ ಹೋದ ಅಲ್ಯೂಮಿನಿಯಂ ಏಣಿ, ಯಾರ ಮನೆಯಲ್ಲಿದೆಯೋ ಗೊತ್ತಿಲ್ಲದ ಹಾರೆ, ಓರಗಿತ್ತಿ ಒಯ್ದ ಚಕ್ಕುಲಿ ಒರಳು. ಪಟ್ಟಿ ಬೆಳೆಯುತ್ತಲೇ ಹೋಯಿತು.

ಅತ್ತೆ ಇದ್ದಾಗ ಹೀಗಿತ್ತಾ ಎಂದು ಕೇಳಿದೆ. ಇರಲಿಲ್ಲ. ಯಾವ ಪಾತ್ರೆ ಯಾರ ಮನೆಗೆ ಹೋಗಿದೆ ಅಂತ ಅತ್ತೆಗೆ ಬಾಯಲ್ಲೇ ಇತ್ತು. ಸಂಜೆ ಜಗಲಿ ಮೇಲೆ ಕೂತಾಗ ದಾರಿಯಲ್ಲಿ ಹೋಗುವವರಿಗೆ, "ಏನಮ್ಮಾ, ಸೀಮಂತ ಚೆನ್ನಾಗಾಯ್ತಾ? ಪರಾತ ಬಿಡುವು ಮಾಡ್ಕೊಂಡು ಕಳಿಸು" ಅನ್ನುತ್ತಿದ್ದರಂತೆ. ಮರುದಿನ ಪರಾತ ಬರುತ್ತಿತ್ತು. ಅತ್ತೆ ಹೋದ ಮೇಲೆ ಎರವಲು ಕೊಡುವುದು ನಿಲ್ಲಲಿಲ್ಲ. ಲೆಕ್ಕ ಮಾತ್ರ ನಿಂತುಹೋಯಿತು. ಸಾವಿತ್ರಕ್ಕ ತಮ್ಮನ್ನು ಜಿಪುಣಿ ಎಂದುಕೊಂಡು ಕೊರಗುತ್ತಿದ್ದರು. ನನಗೆ ಕಂಡದ್ದು ಬೇರೆ. ಆ ಮನೆಯ ಲೆಕ್ಕ ಇಟ್ಟುಕೊಂಡಿದ್ದ ಒಬ್ಬರ ನೆನಪು ಖಾಲಿಯಾಗಿತ್ತು. ಅದರ ಜಾಗಕ್ಕೆ ಒಂದು ಪುಸ್ತಕ ಬೇಕಾಗಿತ್ತು.

ಮೊದಲ ವಾರ ಎರಡೇ ಕೆಲಸ ಹೇಳಿದೆ. ಹೊರಗೆ ಹೋಗಿರುವುದನ್ನೆಲ್ಲ ಪೆನ್ಸಿಲ್‌ನಲ್ಲಿ ಬರೆಯುವುದು. ಯಾರನ್ನೂ ಕೇಳುವ ಮೊದಲು ಸ್ವಂತ ಅಟ್ಟ, ಹಿತ್ತಲು, ಬಚ್ಚಲುಮನೆ ಹುಡುಕುವುದು. ಪಟ್ಟಿಯಲ್ಲಿ 11 ವಸ್ತು ಬಂದವು. ಅದರಲ್ಲಿ 2 ಅಟ್ಟದಲ್ಲೇ ಸಿಕ್ಕವು. ಹಾರೆ ಹಿತ್ತಲ ಸೌದೆ ರಾಶಿಯ ಹಿಂದಿತ್ತು. ಇನ್ನೊಂದು ವಿಷಯವೂ ಗೊತ್ತಾಯಿತು. ಅಟ್ಟದಲ್ಲಿ ಬೇರೆಯವರ ಹೆಸರು ಕೊರೆದ 3 ಪಾತ್ರೆಗಳಿದ್ದವು. ಒಂದು ಜಾಲರಿ ಸೌಟು, ಒಂದು ಸ್ಟೀಲ್ ಬೋಗುಣಿ, ಒಂದು ಇಡ್ಲಿ ಪಾತ್ರೆಯ ಮುಚ್ಚಳ. ಅತ್ತೆಯ ತಿಥಿಗೆ ತಂದವು, ಹಾಗೇ ಉಳಿದುಹೋಗಿದ್ದವು. ಆ ಮುಚ್ಚಳದ ಮನೆಯವರು 2 ವರ್ಷ ತಟ್ಟೆ ಮುಚ್ಚಿ ಇಡ್ಲಿ ಬೇಯಿಸಿದ್ದರು. ಒಂದು ದಿನವೂ ಕೇಳಿರಲಿಲ್ಲ.

ಮೊದಲು ಆ ಮೂರನ್ನು ಕೊಟ್ಟು ಬನ್ನಿ ಅಂದೆ. ಬರಿದಾದ ಪಾತ್ರೆ ವಾಪಸ್ ಕೊಡಬಾರದು ಅನ್ನುತ್ತಾರಲ್ಲ, ಅದನ್ನು ಸಾವಿತ್ರಕ್ಕ ಮರೆಯಲಿಲ್ಲ. ಬೋಗುಣಿಯಲ್ಲಿ ನಾಲ್ಕು ತೆಂಗಿನಕಾಯಿ, ಮುಚ್ಚಳದ ಮೇಲೆ ಒಂದು ಅಚ್ಚು ಬೆಲ್ಲ ಇಟ್ಟುಕೊಂಡು ಹೋದರು. ಇದರಿಂದ ಮುಂದಿನದು ಹಗುರವಾಯಿತು. ತಾನೂ ಮರೆತಿದ್ದೆ ಎಂದು ಗೊತ್ತಿರುವವರ ದನಿಯಲ್ಲಿ ಆಪಾದನೆ ಇರುವುದಿಲ್ಲ.

ಆಮೇಲೆ ಪುಸ್ತಕ. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಒಯ್ದವರ ಸಹಿಗೆ ಒಂದು ಕಲಂ ಇರಲಿ ಎಂದಿದ್ದೆ. ದೋಸೆ ಕಾವಲಿ ಕೇಳಲು ಬಂದ ಎದುರುಮನೆಯವರ ಮುಂದೆ ಸಾವಿತ್ರಕ್ಕ ಪೆನ್ನು ಚಾಚಿದರು. "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದು ಅವರು ಬರಿಗೈಯಲ್ಲಿ ಹೋಗಿಬಿಟ್ಟರು. ಸಹಿ ಹಾಕಿಸುವುದು ಸೊಸೈಟಿಗೆ ಸರಿ, ಅಡುಗೆಮನೆ ಬಾಗಿಲಿಗೆ ಅಲ್ಲ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಆ ಕಲಂ ತೆಗೆದೆವು.

ಅದರ ಬದಲು ಹಾಲಿನ ಲೆಕ್ಕದ ದಾರಿ ಹಿಡಿದೆವು. ನಮ್ಮ ಮನೆಗಳಲ್ಲಿ ಹಾಲು ಎಷ್ಟು ಬಂತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಹಾಲಿನವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅದೇ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಉದ್ದನೆಯ ನೋಟ್‌ಬುಕ್ಕು, ದಾರಕ್ಕೆ ಕಟ್ಟಿದ ಪೆನ್ಸಿಲ್ಲು. ಮೊದಲ ಪುಟದ ತಲೆಬರಹ "ನಾವು ತಂದದ್ದು". "ನಾವು ಕೊಟ್ಟದ್ದು" ಅದರ ನಂತರ. ಬಂದವರಿಗೆ ಮೊದಲು ಕಾಣುವುದು ಈ ಮನೆಯವರು ತಮ್ಮ ಸಾಲವನ್ನೇ ಬರೆದಿಟ್ಟುಕೊಂಡಿರುವುದು. ಎದುರುಮನೆಯವರನ್ನು ಕರೆದು ಅದನ್ನು ತೋರಿಸಿದ ಮೇಲೆ ಅವರ ಮುನಿಸು ಇಳಿಯಿತು.

ಬರೆಯುವ ರೀತಿಗೆ ಒಂದು ಉದಾಹರಣೆ ಕೊಡುತ್ತೇನೆ. ಮೂರನೇ ಮನೆಯವರು ನಾಮಕರಣಕ್ಕೆ ಪಾತ್ರೆ ಕೇಳಿದರು. ಕಾರ್ಯ ಭಾನುವಾರ. ಸಾವಿತ್ರಕ್ಕ ತಾವಾಗಿ ದಿನ ಹೇಳಲಿಲ್ಲ. "ತೊಳೆದು ಒಣಗಿಸಿ ಎಲ್ಲಾ ಮುಗಿಯೋಕೆ ಯಾವತ್ತಾಗುತ್ತೆ?" ಎಂದು ಕೇಳಿದರು. ಅವರು ಮಂಗಳವಾರ ಎಂದರು. ಆ ಬೀದಿಯಲ್ಲಿ ಮಂಗಳವಾರ, ಶುಕ್ರವಾರ ಮನೆಯಿಂದ ವಸ್ತು ಹೊರಗೆ ಕೊಡದವರು ಇದ್ದಾರೆ. ಹಾಗಾಗಿ ಬುಧವಾರ ಎಂದಾಯಿತು. ಪುಸ್ತಕದಲ್ಲಿ ಹೀಗೆ ಬರೆದರು: ಸ್ಟೀಲ್ ತಪ್ಪಲೆ 2, ಮುಚ್ಚಳ 2, ಉದ್ದ ಸೌಟು 1, ಚಿಕ್ಕ ತಪ್ಪಲೆಯ ಅಂಚಿನಲ್ಲಿ ಹಳೇ ತಗ್ಗು ಇದೆ, ನಾಮಕರಣ, ಬುಧವಾರ. ಕ್ಯಾಲೆಂಡರಿನ ಬುಧವಾರದ ಚೌಕದಲ್ಲಿ "ತಪ್ಪಲೆ" ಎಂಬ ಒಂದೇ ಪದ. ಮುಚ್ಚಳವನ್ನು ಬೇರೆಯಾಗಿ ಎಣಿಸಬೇಕು. ಮುಚ್ಚಳಗಳೇ ಜಾಸ್ತಿ ಕಳೆಯುವುದು. ಹಳೇ ತಗ್ಗನ್ನು ಬರೆಯುವುದು ಒಯ್ದವರ ಒಳ್ಳೆಯದಕ್ಕೆ. ಇಲ್ಲದಿದ್ದರೆ ಆ ತಗ್ಗು ಅವರ ತಲೆಗೆ ಬರುತ್ತದೆ.

ಏಣಿ, ಡ್ರಿಲ್ಲಿಂಗ್ ಮಷೀನು, ಗುದ್ದಲಿಗೆ ಕಾರ್ಯದ ದಿನ ಅಂತ ಇರುವುದಿಲ್ಲ. "ಕೆಲಸ ಮುಗಿದ ಮೇಲೆ" ಎಂದರೆ ಮುಗಿಯುವುದೇ ಇಲ್ಲ. ಅದಕ್ಕೆ ಮರುದಿನ ಸಂಜೆ ಎಂದೇ ಬರೆಯಲು ಹೇಳಿದೆ. ಬೇಕಾದರೆ ಇನ್ನೊಂದು ದಿನ ಕೇಳಲಿ.

ನೆನಪಿಸುವುದು ಇಡೀ ವ್ಯವಸ್ಥೆಯಲ್ಲಿ ಸೂಕ್ಷ್ಮವಾದ ಜಾಗ. ಗಡುವು ದಾಟಿದ ಮೇಲೆ ಹೇಳಿದರೆ ಎಷ್ಟು ಮೃದುವಾಗಿ ಹೇಳಿದರೂ ಅದು ತಪ್ಪು ತೋರಿಸಿದ ಹಾಗೆ. ಹಿಂದಿನ ದಿನ ಹೇಳಿದರೆ ನೆನಪು ಮಾತ್ರ. ಆದ್ದರಿಂದ ಮೊದಲ ಮಾತು ಹಿಂದಿನ ದಿನ, ಅವರಿಗೇ, ಒಬ್ಬರಿಗೇ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಖಂಡಿತ ಬೇಡ. ಮೊದಲು ಕಾರ್ಯದ ಕುಶಲ, ಆಮೇಲೆ ಪಾತ್ರೆ. "ಮಗು ಹೆಸರೇನಿಟ್ರಿ? ನಾಳೆ ಬುಧವಾರ ಅಲ್ವಾ, ತಪ್ಪಲೆ ಕಳಿಸ್ತೀರಾ, ನಾನೇ ಬರಲಾ?" ಈ ಕೊನೆಯ ಪ್ರಶ್ನೆಯಲ್ಲೇ ಉಪಾಯ ಇದೆ. ಎಷ್ಟೋ ಸಲ ಪಾತ್ರೆ ಬರದಿರುವುದು ಹೊತ್ತು ತರಲು ಆಳಿಲ್ಲದೆ. ದಿನ ದಾಟಿದರೆ 2 ದಿನ ಸುಮ್ನೆ ಇದ್ದು ಇನ್ನೊಮ್ಮೆ ಹೇಳುವುದು. ಮೂರನೇ ಸಲ ಹೇಳುವ ಬದಲು ಹೋಗಿ ತರುವುದು. "ನಮ್ಮನೆಯಲ್ಲೂ ಕಾರ್ಯ ಇದೆ" ಎಂದು ಸುಳ್ಳು ಹೇಳಿ ಕೇಳಬಾರದು ಅಂದೆ. ಬೀದಿಯಲ್ಲಿ ಯಾರ ಮನೆಯಲ್ಲಿ ಯಾವ ಕಾರ್ಯ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಏಣಿ ಒಂದೇ ಮಾತಿಗೆ ಬಂತು. ಪಕ್ಕದ ಮನೆಯ ಹುಡುಗ, "ಅಯ್ಯೋ ಅಕ್ಕಾ, ಮರೆತೇಬಿಟ್ಟಿದ್ದೆ" ಎಂದು ಆಗಲೇ ಹೆಗಲ ಮೇಲೆ ತಂದ. ಮರೆತವರು ಹೀಗೇ ಇರುತ್ತಾರೆ, ನೆನಪಿಸಿದ ಕೂಡಲೇ ಕೊಡುತ್ತಾರೆ. ನಾದಿನಿ ಹಾಗಿರಲಿಲ್ಲ. ಎರಡು ಸಲ ಫೋನ್ ಮಾಡಿದಾಗಲೂ "ಕಳಿಸ್ತೀನಿ ಅತ್ತಿಗೆ" ಎಂದು ಬೇಗ ಬೇರೆ ಮಾತಿಗೆ ಹೋದಳಂತೆ. ಹೀಗೆ ಮಾತು ತಿರುಗಿಸಿದರೆ ಮರೆವು ಅಲ್ಲ. ಒಂದೋ ವಸ್ತುವಿಗೆ ಏನೋ ಆಗಿದೆ, ಇಲ್ಲವೇ ಅದು ತನ್ನದು ಎಂಬ ಭಾವನೆ ಇದೆ. ಎರಡಕ್ಕೂ ಇನ್ನಷ್ಟು ನೆನಪಿಸುವುದು ಮದ್ದಲ್ಲ. ಪುಸ್ತಕದ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಸಾವಿತ್ರಕ್ಕನಿಗೆ ಎರಡನೆಯದೇ ನಿಜ ಅನ್ನಿಸಿತ್ತು. ಅಮ್ಮನ ಹೆಸರಿರುವ ಪಾತ್ರೆ ಮಗಳು ಇಟ್ಟುಕೊಂಡಳು ಅಂತ. ನಾನು ಅಂದೆ, ಯಾವ ದಿನ ಕೊಡ್ತೀಯ ಅಂತ ಕೇಳಬೇಡಿ, ಪುಸ್ತಕ ಒಯ್ಯಬೇಡಿ, ಒಬ್ಬರೇ ಹೋಗಿ. ಹೋಗಿ ಒಂದೇ ಮಾತು ಹೇಳಿ: "ಪಾತ್ರೆಗೆ ಏನಾದ್ರೂ ಆಗಿದ್ರೂ ಪರವಾಗಿಲ್ಲ, ನನಗೆ ಹೇಳು."

ನಾದಿನಿ ಅತ್ತುಬಿಟ್ಟಳಂತೆ. ಗೃಹಪ್ರವೇಶದ ದಿನ ಅಡುಗೆಯವರ ಹುಡುಗ ನೀರು ಹಾಕುವ ಮೊದಲೇ ಒಲೆ ಹೊತ್ತಿಸಿದ್ದ. ಒಳಗಿನ ಕಲಾಯಿ ಕರಗಿ ಕಲೆ ಕಲೆಯಾಗಿತ್ತು. ಕಲಾಯಿ ಎಂದರೆ ತವರ. ಅದು 232 ಡಿಗ್ರಿಗೇ ಕರಗುತ್ತದೆ. ನೀರಿದ್ದರೆ ಪಾತ್ರೆ ಅಷ್ಟು ಕಾಯುವುದಿಲ್ಲ, ಬರಿದಾಗಿದ್ದರೆ ಬೇಗ ಹೋಗುತ್ತದೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಿದರೆ ಕಿಲುಬು ಬಿಡುತ್ತದೆ, ತಿನ್ನುವ ಹಾಗಿಲ್ಲ. ಸರಿ ಮಾಡಿಸಿಯೇ ಕೊಡೋಣ ಎಂದು ಅವಳು ಕಲಾಯಿಯವರನ್ನು ಹುಡುಕಿದ್ದಳು. ಮೊದಲು ಬೀದಿಗೇ ಬರುತ್ತಿದ್ದವರು ಈಗ ಸಿಗುವುದು ಕಷ್ಟ. ತಿಂಗಳು ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. "ಅಮ್ಮನ ಪಾತ್ರೆ ಹಾಳು ಮಾಡಿದೆ ಅಂತ ನೀವಂದುಕೊಳ್ತೀರಿ ಅಂತ ಭಯ ಅತ್ತಿಗೆ" ಅಂದಳು. ಜೊತೆಗೆ ಇದನ್ನೂ ಹೇಳಿದಳು: ಮನೆಯಲ್ಲಿ ಅಮ್ಮನ ಹೆಸರಿರುವ ವಸ್ತು ಒಂದಿದೆ ಅಂತ ಸಮಾಧಾನವೂ ಆಗುತ್ತಿತ್ತು.

ಇದಾದ ಮೇಲೆ ಕೊಡುವ ರೀತಿಯಲ್ಲಿ ಎರಡು ಸಣ್ಣ ಬದಲಾವಣೆ ಮಾಡಿದೆವು. ಕಲಾಯಿ ಪಾತ್ರೆ ಕೊಡುವಾಗ "ಮೊದಲು ನೀರು, ಆಮೇಲೆ ಒಲೆ" ಎಂದು ಬಾಯಲ್ಲಿ ಹೇಳುವುದು, ಅಡುಗೆಯವರಿಗೂ ಹೇಳಲು ಕೇಳಿಕೊಳ್ಳುವುದು. ಕೊಡುವ ಮೊದಲೇ "ಏನಾದ್ರೂ ಆದ್ರೆ ಹಾಗೇ ತಂದುಬಿಡಿ, ಇಬ್ಬರೂ ಸೇರಿ ಮಾಡಿಸೋಣ" ಅನ್ನುವುದು. ಸಾವಿತ್ರಕ್ಕನಿಗೆ ಒಂದು ಅನುಮತಿಯನ್ನೂ ಕೊಟ್ಟೆ. ಕೊಟ್ಟರೆ ನಿದ್ದೆ ಕೆಡುತ್ತೆ ಅನ್ನಿಸುವ ವಸ್ತು ಕೊಡಬೇಕಿಲ್ಲ. "ಅದನ್ನ ಹೊರಗೆ ಕೊಡೋ ಪದ್ಧತಿ ಇಲ್ಲ" ಎಂದರೆ ಸಾಕು. ಆದರೆ ಒಬ್ಬರಿಗೆ ಇಲ್ಲ ಎಂದು ಇನ್ನೊಬ್ಬರಿಗೆ ಕೊಟ್ಟರೆ ಈ ಮಾತು ನಿಲ್ಲುವುದಿಲ್ಲ.

ಅತ್ತಿಗೆ ನಾದಿನಿ ಇಬ್ಬರೂ ಸೇರಿ ಪಕ್ಕದ ತಾಲ್ಲೂಕಿನಲ್ಲಿ ಕಲಾಯಿಯವರನ್ನು ಹುಡುಕಿ ಕೊಳದಪ್ಪಲೆ ಸರಿ ಮಾಡಿಸಿದರು. ಖರ್ಚು ಅರ್ಧರ್ಧ. ಚಕ್ಕುಲಿ ಒರಳು ಮಾತ್ರ ಬರಲಿಲ್ಲ. ಅದು ತನ್ನ ಹತ್ತಿರ ಇಲ್ಲವೇ ಇಲ್ಲ ಎಂದು ಓರಗಿತ್ತಿ ಹೇಳಿದರು. ಬರೆದಿಟ್ಟಿರಲಿಲ್ಲವಾದ್ದರಿಂದ ಆ ಸಾಲನ್ನು ಹೊಡೆದುಹಾಕಿ ಎಂದೆ. ಹೊಡೆದುಹಾಕಲು ಸಾವಿತ್ರಕ್ಕ ಒಂದು ವಾರ ತೆಗೆದುಕೊಂಡರು.

ಕೊನೆಯ ಸಲ ಬಂದಾಗ ಪುಸ್ತಕ ತಂದಿದ್ದರು. ನಿದ್ದೆ ಪರವಾಗಿಲ್ಲ, ನಡುವೆ ಎಚ್ಚರವಾಗುವುದು ವಾರಕ್ಕೆ ಒಂದೆರಡು ಸಲ ಎಂದರು. "ನಾವು ಕೊಟ್ಟದ್ದು" ಪುಟದಲ್ಲಿ ಹೊಸ ಸಾಲೊಂದಿತ್ತು. ಅತ್ತೆಯ ಹೆಸರಿರುವ ಹಿತ್ತಾಳೆ ಬಿಂದಿಗೆ 1, ನಾದಿನಿಗೆ. ತಾರೀಖಿನ ಜಾಗದಲ್ಲಿ "ವಾಪಸ್ ಬೇಡ" ಎಂದು ಬರೆದಿದ್ದರು. ಅದೊಂದನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದರು.