ಗುರು ನೀಚ, ಆದರೆ ಮನೆಯೊಡೆಯ ಮನೆಯಲ್ಲೇ ಇದ್ದಾನೆ

*ಸಂಪಾದಕರಿಗೆ ನಮಸ್ಕಾರ. ನನ್ನ ಮೊಮ್ಮಗಳು 2020ರ ಡಿಸೆಂಬರ್ 21ರಂದು ರಾತ್ರಿ 8 ಗಂಟೆ 40 ನಿಮಿಷಕ್ಕೆ ಉಡುಪಿಯಲ್ಲಿ ಹುಟ್ಟಿದಳು. ಜಾತಕ ಬರೆಸಿದಾಗ ಒಬ್ಬ ಜ್ಯೋತಿಷಿಗಳು ‘ಗುರು ನೀಚ, ವಿದ್ಯೆಗೂ ಮದುವೆಗೂ ತೊಂದರೆ’ ಎಂದರು. ಇನ್ನೊಬ್ಬರು ಅದೇ ಜಾತಕ ನೋಡಿ ‘ನೀಚಭಂಗ ರಾಜಯೋಗ, ಹೆದರಬೇಡಿ’ ಎಂದರು. ಮಗ ಮೊಬೈಲ್‌ನಲ್ಲಿ ತೆಗೆದುಕೊಟ್ಟ ಜಾತಕದಲ್ಲಿ ಗುರುವಿನ ಉಚ್ಚಬಲ ಸೊನ್ನೆಗೆ ಹತ್ತಿರ ಇದೆ. ಯಾರ ಮಾತನ್ನು ನಂಬಲಿ?*
*— ಒಬ್ಬ ಅಜ್ಜಿ, ಉಡುಪಿ*

ಅಮ್ಮಾ, ಆ ಸಂಜೆ ನಾನು ಮಲ್ಪೆಯ ಕಡಲ ತೀರದಲ್ಲಿದ್ದೆ. ಸೂರ್ಯ ಮುಳುಗಿ ಕತ್ತಲಾಗುತ್ತಿದ್ದಂತೆ ಪಡುವಣದಲ್ಲಿ, ನೀರಿನ ಮೇಲೆ, ಎರಡು ಗ್ರಹಗಳು ಒಂದೇ ಚುಕ್ಕಿಯಂತೆ ಕಂಡವು. ಕಣ್ಣು ಕಿರಿದು ಮಾಡಿ ನೋಡಿದರೆ ಹೆಚ್ಚು ಹೊಳೆಯುವ ಗುರು, ಅವನ ಬಲಬದಿಗೆ ಮಂಕಾದ ಶನಿ. ನಡುವಿನ ಅಂತರ ಚಂದ್ರಬಿಂಬದ ಅಗಲದ ಐದನೆಯ ಒಂದು ಪಾಲಿನಷ್ಟೇ. ಅವೆರಡೂ ಕಡಲಿಗಿಳಿದು ಸ್ವಲ್ಪ ಹೊತ್ತಿಗೆ ನಿಮ್ಮ ಮೊಮ್ಮಗಳು ಹುಟ್ಟಿದ್ದಾಳೆ. ನಿಮ್ಮ ಪ್ರಶ್ನೆಗೆ ಉತ್ತರವೂ ಆ ಎರಡು ಚುಕ್ಕಿಗಳಲ್ಲೇ ಇದೆ.

ಮೊದಲು ಆ ಸೊನ್ನೆಯ ವಿಚಾರ. ಗುರುವಿಗೆ ಕರ್ಕಾಟಕದ 5ನೆಯ ಭಾಗೆ, ಅಂದರೆ 5ನೆಯ ಡಿಗ್ರಿ, ಪರಮೋಚ್ಚ, ಅದಕ್ಕೆ ನೇರ ಎದುರಿನ ಮಕರದ 5ನೆಯ ಭಾಗೆ ಪರಮನೀಚ. ಗ್ರಹಗಳ ಬಲ ಅಳೆಯುವ ಷಡ್ಬಲದ ಲೆಕ್ಕದಲ್ಲಿ ಪರಮೋಚ್ಚಕ್ಕೆ ಉಚ್ಚಬಲ 60 ಅಂಕ, ಪರಮನೀಚಕ್ಕೆ ಸೊನ್ನೆ. ನೀಚ ಬಿಂದುವಿನಿಂದ ಮೂರು ಭಾಗೆ ದೂರ ಸರಿದರೆ ಒಂದು ಅಂಕ ಸಿಗುತ್ತದೆ. ಆ ರಾತ್ರಿ ಗುರು ಮಕರದಲ್ಲಿ 6 ಭಾಗೆ 20 ಕಲೆಯ ಆಸುಪಾಸಿನಲ್ಲಿದ್ದ. ಹಾಗಾಗಿ ಅವನಿಗೆ ಅರ್ಧ ಅಂಕವೂ ದಕ್ಕುವುದಿಲ್ಲ. ಮೊಬೈಲ್ ತೋರಿಸಿದ್ದು ಸರಿಯಾಗಿಯೇ ಇದೆ. ನೀಚಭಂಗವಾದರೂ, ಅಂದರೆ ನೀಚತ್ವದ ದೋಷ ಕಳೆದರೂ, ಈ ಅಂಕ ಏರುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಭಂಗವಾದ ಮಾತ್ರಕ್ಕೆ ನೀಚ ಗ್ರಹ ಉಚ್ಚನಾಗುವುದಿಲ್ಲ. ಅದರ ಕೊರತೆಗೆ ಇನ್ನೊಬ್ಬ ಹೊಣೆ ನಿಲ್ಲುತ್ತಾನೆ, ಅಷ್ಟೆ. ಆದ್ದರಿಂದ ಹೊಣೆ ನಿಂತವನು ಯಾರು, ಅವನಿಗೆಷ್ಟು ತ್ರಾಣವಿದೆ ಎಂದು ನೋಡಬೇಕು.

ಮಂತ್ರೇಶ್ವರನ ಫಲದೀಪಿಕೆ ಹೇಳುವ ಮುಖ್ಯ ನಿಯಮ ಹೀಗೆ: ನೀಚ ಗ್ರಹ ನಿಂತ ರಾಶಿಯ ಅಧಿಪತಿಯಾಗಲಿ, ಅದರ ಉಚ್ಚರಾಶಿಯ ಅಧಿಪತಿಯಾಗಲಿ ಲಗ್ನದಿಂದ, ಅಂದರೆ ಹುಟ್ಟುವಾಗ ಮೂಡಣದಲ್ಲಿ ಉದಯಿಸುವ ರಾಶಿಯಿಂದ, ಅಥವಾ ಚಂದ್ರನಿಂದ 1, 4, 7, 10ನೆಯ ಮನೆಗಳಾದ ಕೇಂದ್ರದಲ್ಲಿದ್ದರೆ ನೀಚತ್ವ ಭಂಗವಾಗುತ್ತದೆ. ಆ ರಾತ್ರಿ ಎಂಟು ಗಂಟೆಗೆ ಕೆಲವು ನಿಮಿಷ ಇರುವಾಗ ಉಡುಪಿಯಲ್ಲಿ ಕರ್ಕಾಟಕ ಲಗ್ನ ಶುರುವಾಗಿ ಹತ್ತರ ತನಕ ಇತ್ತು. ಮಗುವಿನ ಸಮಯ ಅದರ ನಡುವೆಯೇ ಬೀಳುವುದರಿಂದ ಐದು ಹತ್ತು ನಿಮಿಷ ಹಿಂದೆ ಮುಂದೆ ಆದರೂ ಲಗ್ನ ಬದಲಾಗುವ ಭಯವಿಲ್ಲ. ಕರ್ಕಾಟಕ ಲಗ್ನಕ್ಕೆ ಮಕರ ಏಳನೆಯ ಮನೆ, ಅಂದರೆ ಕೇಂದ್ರ. ಮಕರದ ಒಡೆಯ ಶನಿ. ಅವನು ಬೇರೆಲ್ಲೋ ಹೋಗಿ ಕುಳಿತಿಲ್ಲ, ತನ್ನ ಸ್ವಂತ ಮನೆಯಲ್ಲಿ, ಗುರುವಿನ ಮಗ್ಗುಲಲ್ಲೇ ಇದ್ದಾನೆ. ಬಾಡಿಗೆದಾರನ ಕೈ ಬರಿದಾಗಿದ್ದರೂ ಮನೆಯೊಡೆಯ ಗಟ್ಟಿಯಾಗಿ ಒಳಗೇ ಇದ್ದ ಹಾಗೆ. ಏಳನೆಯ ಮನೆಯಲ್ಲಿ ಶನಿಗೆ ದಿಕ್ಕಿನಿಂದ ಸಿಗುವ ಬಲ, ಅಂದರೆ ದಿಗ್ಬಲವೂ ಪೂರ್ಣವಾಗಿ ಉಂಟು. ಭಂಗ ಆಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಮಕರದಲ್ಲಿ ಉಚ್ಚನಾಗುವ ಕುಜನೂ ಚಂದ್ರನ ಜೊತೆ ಮೀನದಲ್ಲಿದ್ದಾನೆ. ಚಂದ್ರನಿರುವ ರಾಶಿಯೂ ಚಂದ್ರಕೇಂದ್ರವೇ ಆದ್ದರಿಂದ ಇದನ್ನೂ ಕೆಲವರು ಭಂಗದ ಲೆಕ್ಕಕ್ಕೆ ಸೇರಿಸುತ್ತಾರೆ. ನಾನು ಇದಕ್ಕೆ ಹೆಚ್ಚು ತೂಕ ಕೊಡುವುದಿಲ್ಲ. ಒಂದೇ ರಾಶಿಯಾದರೂ ಅವರಿಬ್ಬರ ನಡುವೆ 25 ಭಾಗೆಗೂ ಮಿಕ್ಕಿದ ಅಂತರವಿದೆ.

ಇನ್ನು ಎರಡನೆಯ ಜ್ಯೋತಿಷಿಗಳ ಮಾತು. ಭಂಗದ ಮಟ್ಟಿಗೆ ಅವರು ಹೇಳಿದ್ದು ಸರಿ. ‘ರಾಜಯೋಗ’ ಎಂದು ಅಲ್ಲಿಗೇ ನಿಲ್ಲಿಸಿದ್ದು ನನಗೆ ಒಪ್ಪಿಗೆಯಿಲ್ಲ. ಗುರು ಮಕರಕ್ಕೆ ಬಂದದ್ದು 2020ರ ನವೆಂಬರ್ 20ಕ್ಕೆ. 2021ರ ಏಪ್ರಿಲ್ ಮೊದಲ ವಾರದ ತನಕ ಅಲ್ಲೇ ಇದ್ದ, ಆ ದಿನಗಳುದ್ದಕ್ಕೂ ಶನಿಯೂ ಸ್ವಕ್ಷೇತ್ರದಲ್ಲಿ ಜೊತೆಗಿದ್ದ. ಆ ನಾಲ್ಕೂವರೆ ತಿಂಗಳಲ್ಲಿ ಹುಟ್ಟಿದ ಮಕ್ಕಳೆಲ್ಲರ ಜಾತಕದಲ್ಲೂ ನೀಚ ಗುರುವಿನ ಪಕ್ಕ ಶನಿ ಇದ್ದಾನೆ. ಎಲ್ಲರಿಗೂ ರಾಜಯೋಗ ಎಂದರೆ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಮಗುವಿನಿಂದ ಮಗುವಿಗೆ ಬೇರೆಯಾಗುವುದು ಲಗ್ನ. ಅದೇ ಸಂಜೆ ಏಳು ಗಂಟೆಗೆ ಅದೇ ಊರಿನಲ್ಲಿ ಹುಟ್ಟಿದ ಮಗುವಿಗೆ ಮಿಥುನ ಲಗ್ನ. ಗುರು ಶನಿ ಇಬ್ಬರೂ ಎಂಟನೆಯ ಮನೆಗೆ ಬೀಳುತ್ತಾರೆ, ಶನಿಯ ಕೇಂದ್ರಬಲ ತಪ್ಪಿಹೋಗುತ್ತದೆ. ನಿಮ್ಮ ಮೊಮ್ಮಗಳಿಗೆ ಅದು ಸಿಕ್ಕಿದೆ.

ಇಬ್ಬರೂ ಹೇಳದೆ ಬಿಟ್ಟ ಒಂದು ವಿಷಯವಿದೆ. ಎರಡು ತಾರಾಗ್ರಹಗಳು ಒಂದು ಭಾಗೆಯೊಳಗೆ ಬಂದರೆ ಅದು ಗ್ರಹಯುದ್ಧ. ಉತ್ತರದಲ್ಲಿರುವವನು ಗೆದ್ದ ಎಂಬುದು ಹೆಚ್ಚಿನವರು ಒಪ್ಪುವ ತೀರ್ಮಾನ. ಮಲ್ಪೆಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತವನಿಗೆ ಬಲಗೈ ಬದಿ ಉತ್ತರ, ಅಲ್ಲಿದ್ದದ್ದು ಶನಿ. ಗುರುವಿಗೆ ಆಸರೆಯಾದವನೇ ಅವನನ್ನು ಗೆದ್ದವನೂ ಆಗಿದ್ದಾನೆ. ಅಷ್ಟು ಹತ್ತಿರ ಬಂದದ್ದರಿಂದ ಆಸರೆ ಗಟ್ಟಿಯಾಯಿತು, ಅದರಿಂದಲೇ ಗುರುವಿನ ಸ್ವಾತಂತ್ರ್ಯವೂ ಹೋಯಿತು. ಸಾಲದ್ದಕ್ಕೆ, ಶನಿಗೆ ಪೂರ್ಣ ದಿಗ್ಬಲ ಕೊಡುವ ಏಳನೆಯ ಮನೆ ಗುರುವಿಗೆ ಏನೂ ಕೊಡುವುದಿಲ್ಲ. ಅವನ ದಿಗ್ಬಲ ಇರುವುದು ಲಗ್ನದಲ್ಲಿ. ಆದ್ದರಿಂದ ನನ್ನ ತೀರ್ಮಾನ ಇದು: ಈ ಜಾತಕದಲ್ಲಿ ಗುರು ಕೊಡಬೇಕಾದದ್ದು ಶನಿಯ ಕೈಯಿಂದ, ಶನಿಯ ರೀತಿಯಲ್ಲಿ ಬರುತ್ತದೆ. ಕರ್ಕಾಟಕ ಲಗ್ನಕ್ಕೆ ಗುರು ಭಾಗ್ಯಾಧಿಪತಿ. ಆ ಭಾಗ್ಯ ತಾನಾಗಿ ಒಲಿದು ಬರುವ ಬಗೆಯದಲ್ಲ, ಮಾಡಿದ ಕೆಲಸದ ಹಿಂದೆ ನಿಧಾನವಾಗಿ ಬರುವಂಥದ್ದು. ವಿದ್ಯೆಯೂ ಹಾಗೆಯೇ, ಒಮ್ಮೆ ಕೇಳಿದ್ದು ತಲೆಯಲ್ಲಿ ನಿಲ್ಲದಿದ್ದರೂ ಹತ್ತು ಸಲ ಬರೆದದ್ದು ನಿಲ್ಲುತ್ತದೆ. ಮದುವೆ ತಡವಾಗಬಹುದು. ತಡವಾಗುವುದು ಬೇರೆ, ತಪ್ಪಿಹೋಗುವುದು ಬೇರೆ. ಮೊದಲ ಜ್ಯೋತಿಷಿಗಳು ಇವೆರಡನ್ನೂ ‘ತೊಂದರೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದರಿಂದ ನಿಮಗೆ ಗಾಬರಿಯಾಗಿದೆ.

ಈ ಫಲ ಯಾವಾಗ ಎಂಬುದನ್ನು ಒಂದೊಂದು ಗ್ರಹದ ಸರದಿಯ ಕಾಲವಾದ ದಶೆ ಹೇಳಬೇಕು. ಮಗುವಿನದು ಪೂರ್ವಾಭಾದ್ರ ನಕ್ಷತ್ರದ ನಾಲ್ಕನೆಯ ಪಾದ. ಹುಟ್ಟುವಾಗ ಗುರುದಶೆ ನಡೆಯುತ್ತಿತ್ತು, ಆದರೆ ಉಳಿದದ್ದು ಒಂದೂವರೆ ವರ್ಷಕ್ಕೂ ಕಡಿಮೆ. ಆ ನೀಚ ಗುರುವಿನ ದಶೆಯನ್ನು ಮಗು ತೊಟ್ಟಿಲಲ್ಲೇ ದಾಟಿಬಿಟ್ಟಿದೆ. 2022ರಿಂದ ಶನಿದಶೆ, 19 ವರ್ಷ. ಅದರ ಕೊನೆಯ ಒಳಪಾಲು, ಅಂದರೆ ಭುಕ್ತಿ, ಗುರುವಿನದು, ಎರಡೂವರೆ ವರ್ಷ. ಸುಮಾರು 2038ರ ಕೊನೆಗೆ ಶುರುವಾಗಿ 2041ಕ್ಕೆ ಮುಗಿಯುತ್ತದೆ. ಹುಡುಗಿಗೆ ಆಗ ಹದಿನೆಂಟು, ಪಿಯುಸಿ ಮುಗಿದು ಮುಂದೇನು ಎನ್ನುವ ವಯಸ್ಸು. ನೀಚಭಂಗದ ನಿಜವಾದ ಪರೀಕ್ಷೆ ಆ ಎರಡೂವರೆ ವರ್ಷಗಳಲ್ಲಿ ಆಗುತ್ತದೆ. ಅಲ್ಲಿಯ ತನಕ ಪ್ರತಿ ಪರೀಕ್ಷೆಯ ಅಂಕಪಟ್ಟಿ ಹಿಡಿದು ‘ಗುರು ನೀಚನಲ್ಲವೇ’ ಎಂದು ಅವಳೆದುರು ಆಡಬೇಡಿ.

ಒಂದು ಕೆಲಸ ಮಾತ್ರ ಈಗಲೇ ಮಾಡಿಸಿ. 8 ಗಂಟೆ 40 ನಿಮಿಷ ಎಂಬುದು ಆಸ್ಪತ್ರೆಯ ಕಾಗದದಲ್ಲಿ ಬರೆದದ್ದೋ, ಮನೆಯವರು ನೆನಪಿನಿಂದ ಹೇಳಿದ್ದೋ ವಿಚಾರಿಸಿ. ರಾಶಿಕುಂಡಲಿಗೆ ಅಷ್ಟು ವ್ಯತ್ಯಾಸ ಬಾರದು. ರಾಶಿಯನ್ನು ಒಂಬತ್ತು ಪಾಲು ಮಾಡಿ ನೋಡುವ ನವಾಂಶದ ಲಗ್ನ ಮಾತ್ರ ಕಾಲು ಗಂಟೆಗೊಮ್ಮೆ ಬದಲಾಗುತ್ತದೆ. ಮದುವೆಯ ವಿಚಾರವನ್ನು ಅದನ್ನು ನೋಡದೆ ಯಾರೂ ಹೇಳಬಾರದು. ಕಾಗದ ಸಿಕ್ಕಿದರೆ ಅದರ ಪ್ರತಿಯೊಂದನ್ನು ಕಳುಹಿಸಿ, ನವಾಂಶವನ್ನೂ ನೋಡಿ ಬರೆಯುತ್ತೇನೆ.